ಮಗನ ಮೊದಲ ಬೈಕಿಗೆ ಬರೆದ ಪತ್ರ: ನಿಯಮಗಳು ಸರಿಯಿವೆಯಾ, ಓದಿ ಹೇಳಿ

ಬೆಳಗಿನ ನಡಿಗೆ

ಮುಂದಿನ ವಾರ ಮಗನಿಗೆ ಬೈಕು ಬರುತ್ತೆ. 150 ಸಿಸಿ, ಮುಂದೆ ಡಿಸ್ಕ್, ಹಿಂದೆ ಡ್ರಮ್, ಎಬಿಎಸ್ ಮುಂದಿನ ಚಕ್ರಕ್ಕೆ ಮಾತ್ರ. ಲೈಸೆನ್ಸ್ ಆಗಿದೆ. ಕೀ ಕೊಡೋ ಮೊದಲು ಕೈಗೊಂದು ಪತ್ರ ಕೊಡಬೇಕು ಅಂತಿದ್ದೀನಿ. ಬಾಯಲ್ಲಿ ಹೇಳಿದರೆ ಅರ್ಧಕ್ಕೇ "ಆಯ್ತಪ್ಪಾ" ಅಂತಾನೆ, ಬರೆದದ್ದಾದರೆ ಮತ್ತೆ ತೆಗೆದು ಓದಬಹುದು. ಕರಡು ಹಾಕ್ತಿದ್ದೀನಿ. ತಪ್ಪಿದ್ದರೆ ಮುಲಾಜಿಲ್ಲದೆ ಹೇಳಿ.

"ಮಗಾ, ಈ ಕೀ ನಿನ್ನ ಕೈಗೆ ಕೊಡೋಕೆ ನನಗೆ ಖುಷಿಯೂ ಇದೆ, ಹೆದರಿಕೆಯೂ ಇದೆ. ಎರಡನ್ನೂ ಮುಚ್ಚಿಡೋದಿಲ್ಲ. ಕೆಳಗೆ ಬರೆದಿರೋದು ನಿನ್ನ ಮೇಲೆ ನಂಬಿಕೆ ಇಲ್ಲ ಅಂತ ಅಲ್ಲ. ಬೈಕು ಎಲ್ಲ ತಪ್ಪಿಗೂ ಒಂದೇ ಲೆಕ್ಕ ಕೇಳೋದಿಲ್ಲ, ಅದಕ್ಕೆ.

ಹೆಲ್ಮೆಟ್ ಇಲ್ಲದೆ ಗೇಟು ದಾಟಬೇಡ, ಪಟ್ಟಿ ಹಾಕದ ಹೆಲ್ಮೆಟ್ ಹೆಲ್ಮೆಟ್ಟೇ ಅಲ್ಲ. ಯಾವಾಗಲೂ ನಿಧಾನವಾಗಿ ಓಡಿಸು. ಮುಂದಿನ ಗಾಡಿಯಿಂದ ಸಾಕಷ್ಟು ಅಂತರ ಇಟ್ಟುಕೋ. ಮುಂದಿನ ಬ್ರೇಕನ್ನು ಆದಷ್ಟು ಮುಟ್ಟಬೇಡ, ಪಲ್ಟಿ ಹೊಡೆಯುತ್ತೆ, ಹಿಂದಿನದನ್ನೇ ಬಳಸು. ಮೊದಲ 1000 ಕಿ.ಮೀ. ಹಿಂದೆ ಯಾರನ್ನೂ ಕೂರಿಸಬೇಡ, ರಾತ್ರಿ ಓಡಿಸಬೇಡ. ಫೋನ್ ಬಂದರೆ ನಿಲ್ಲಿಸಿ ಮಾತಾಡು. ಕುಡಿದರೆ ಬೈಕು ಮುಟ್ಟಬೇಡ. ಎಷ್ಟೊತ್ತಾದರೂ ನನಗೆ ಫೋನ್ ಮಾಡು, ಬಂದು ಕರ್ಕೊಂಡು ಬರ್ತೀನಿ, ಆ ರಾತ್ರಿ ಒಂದು ಮಾತೂ ಕೇಳೋದಿಲ್ಲ. ಬೈಕನ್ನು ಬೀಳಿಸಿದರೆ ಒಂದು ತಿಂಗಳು ಕೀ ನನ್ನ ಹತ್ತಿರ."

ಹಸಿರು ದೀಪ

ಮೊದಲ ಬೈಕಿಗೆ 150 ಜಾಸ್ತಿ ಆಯ್ತು ಸಾರ್. 100 ಅಥವಾ 110 ತಗೊಳ್ಳಿ. ಮೈಲೇಜೂ ಚೆನ್ನಾಗಿ ಬರುತ್ತೆ, ತೂಕವೂ ಕಮ್ಮಿ.

ಬೆಳಗಿನ ನಡಿಗೆ

ಬೈಕು ಆಗಲೇ ಬುಕ್ ಆಗಿದೆ. ನಾನು ಕೇಳ್ತಿರೋದು ಪತ್ರದ ಬಗ್ಗೆ.

ಗಟ್ಟಿಗಾಲು

ಪತ್ರ ಚೆನ್ನಾಗಿದೆ. ಮುಂದಿನ ಬ್ರೇಕಿನ ಮಾತು ನೂರಕ್ಕೆ ನೂರು ಸರಿ. ಹೊಸಬರು ಬೀಳೋದೇ ಮುಂದಿನದನ್ನು ಒತ್ತಿ. ಗೇರ್ ಇಳಿಸಿ, ಇಂಜಿನ್ ಹಿಡಿತದಲ್ಲಿ ವೇಗ ತಗ್ಗಿಸಿ, ಕೊನೆಗೆ ಹಿಂದಿನ ಪೆಡಲ್. ಇಷ್ಟು ಕಲಿತರೆ ಸಾಕು.

ಎರಡು ಬೆರಳು

ಸಾರ್, ಪತ್ರದಲ್ಲಿ ಆ ಒಂದು ಸಾಲನ್ನು ದಯವಿಟ್ಟು ತೆಗೀರಿ. ಬೇರೆಲ್ಲ ಹಾಗೇ ಬಿಟ್ಟರೂ ಪರವಾಗಿಲ್ಲ, ಇದೊಂದು ಹುಡುಗನಿಗೆ ಪೆಟ್ಟು ಕೊಡೋ ಸಾಲು.

ಬ್ರೇಕ್ ಹಿಡಿದಾಗ ಬೈಕಿನ ಭಾರ ಮುಂದಕ್ಕೆ ಬರುತ್ತೆ. ಮುಂದಿನ ಫೋರ್ಕ್ ಕುಗ್ಗುತ್ತೆ, ಮುಂದಿನ ಟೈರು ರಸ್ತೆಗೆ ಒತ್ತಿಕೊಳ್ಳುತ್ತೆ, ಹಿಂದಿನದು ಹಗುರಾಗುತ್ತೆ. ಹಗುರಾದ ಟೈರಿಗೆ ಹಿಡಿತ ಎಲ್ಲಿಂದ ಬರಬೇಕು? ಪೆಡಲನ್ನು ಇನ್ನಷ್ಟು ತುಳಿದರೆ ಚಕ್ರ ಲಾಕ್ ಆಗಿ ಜಾರುತ್ತೆ ಅಷ್ಟೇ, ಬೈಕು ಬೇಗ ನಿಲ್ಲೋದಿಲ್ಲ. ಗಟ್ಟಿಯಾಗಿ ನಿಲ್ಲಿಸುವಾಗ ಕೆಲಸದ ಬಹುಪಾಲು ಮುಂದಿನ ಬ್ರೇಕಿನದೇ.

ಲೆಕ್ಕ ಹಾಕಿ ನೋಡಿ. ಒಣ ಡಾಂಬರು, 60 ಕಿ.ಮೀ. ವೇಗ. ಅಂದರೆ ಸೆಕೆಂಡಿಗೆ ಹೆಚ್ಚುಕಮ್ಮಿ 17 ಮೀಟರ್. ಅಡ್ಡ ಬಂದದ್ದನ್ನು ಕಣ್ಣು ನೋಡಿ ಕೈ ಬ್ರೇಕಿಗೆ ಹೋಗೋಕೆ ಒಂದು ಸೆಕೆಂಡ್, ಅಷ್ಟರಲ್ಲೇ 17 ಮೀಟರ್ ಹೋಯ್ತು. ಎರಡೂ ಬ್ರೇಕನ್ನು ಚೆನ್ನಾಗಿ ಹಿಡಿಯೋಕೆ ಬಂದವರಿಗೆ ಅಲ್ಲಿಂದ ಇನ್ನೂ 20 ಮೀಟರ್ ಬೇಕು, ಒಟ್ಟು 37. ಹಿಂದಿನದೊಂದನ್ನೇ ಒತ್ತಿದರೆ ಬ್ರೇಕಿನ ದೂರವೇ ಸುಮಾರು 40 ಮೀಟರ್, ಒಟ್ಟು 57. ನಡುವಿನ ಆ 20 ಮೀಟರಿನಲ್ಲಿ ಒಂದು ಬಸ್ಸು ನಿಂತರೂ ಜಾಗ ಉಳಿಯುತ್ತೆ.

ಗಟ್ಟಿಗಾಲು ಅವರು ಹೇಳಿದ್ದರಲ್ಲಿ ಒಂದು ನಿಜ ಇದೆ. ಹೊಸಬರು ಮುಂದಿನ ಬ್ರೇಕ್ ಹಿಡಿದು ಬೀಳ್ತಾರೆ. ಆದರೆ ಬೀಳೋದು ಹಿಡಿದದ್ದಕ್ಕಲ್ಲ, ಗಬಕ್ಕನೆ ಹಿಡಿದದ್ದಕ್ಕೆ. ಭಾರ ಮುಂದಕ್ಕೆ ಬರೋ ಮೊದಲೇ ಪೂರ್ತಿ ಒತ್ತಿದರೆ ಟೈರು ಇನ್ನೂ ಹಗುರಾಗಿಯೇ ಇರುತ್ತೆ, ಲಾಕ್ ಆಗುತ್ತೆ. ಮುಂದಿನ ಚಕ್ರ ಲಾಕ್ ಆದರೆ ಹ್ಯಾಂಡಲ್ ಕೆಲಸ ಮಾಡೋದಿಲ್ಲ, ಕಣ್ಣು ಮುಚ್ಚಿ ತೆಗೆಯೋದರಲ್ಲಿ ನೆಲದ ಮೇಲೆ. ಹಾಗಾಗಿ "ಮುಟ್ಟಬೇಡ" ಅಂತ ಬರೆದರೆ ಪ್ರಯೋಜನ ಇಲ್ಲ. ಹೇಗೆ ಹಿಡೀಬೇಕು ಅನ್ನೋದನ್ನು ಬರೀರಿ. ಇವತ್ತು ಮುಟ್ಟದೇ ಇರೋ ಹುಡುಗ ಗಾಬರಿ ಬಿದ್ದ ದಿನ ಮುಟ್ಟೇ ಮುಟ್ಟುತ್ತಾನೆ, ಅದೂ ನಾಲ್ಕು ಬೆರಳಲ್ಲಿ.

ಕೊನೇ ಗೇರ್

ಅದಕ್ಕೇ ತಾನೇ ಎಬಿಎಸ್ ಇರೋದು? ಮುಂದಿನ ಚಕ್ರ ಲಾಕೇ ಆಗಲ್ಲ. ಗಬಕ್ಕನೆ ಹಿಡಿದರೂ ಯಂತ್ರ ನೋಡ್ಕೊಳುತ್ತೆ. ಇಷ್ಟೆಲ್ಲ ತಲೆ ಕೆಡಿಸಿಕೊಳ್ಳೋದು ಹಳೇ ಬೈಕಿನ ಕಾಲದ್ದು.

ಎರಡು ಬೆರಳು

ಎಬಿಎಸ್ ಇರೋದು ದೊಡ್ಡ ಸಮಾಧಾನ, ಅದನ್ನು ಅಲ್ಲಗಳೆಯೋದಿಲ್ಲ. ನೇರ ಹೋಗುವಾಗ ಅದು ಪ್ರಾಣ ಉಳಿಸುತ್ತೆ. ಆದರೆ ಇಲ್ಲಿ ಮೂರು ಮಾತು ನೆನಪಿರಬೇಕು.

ಈ ಬೈಕಿನ ಹಿಂದಿನ ಡ್ರಮ್ಮಿಗೆ ಎಬಿಎಸ್ ಇಲ್ಲ. ಗಾಬರಿಯಲ್ಲಿ ಪೆಡಲ್ ಮೇಲೆ ನಿಂತರೆ ಹಿಂದಿನ ಚಕ್ರ ಮೊದಲಿನ ಹಾಗೇ ಲಾಕ್ ಆಗುತ್ತೆ. ಎರಡನೇದು, ವಾಲಿಸಿ ತಿರುವಿನಲ್ಲಿ ಇರುವಾಗ ಇಂಥ ಸಾದಾ ಎಬಿಎಸ್ ಕಾಪಾಡುತ್ತೆ ಅಂತ ಲೆಕ್ಕ ಇಟ್ಟುಕೊಳ್ಳೋ ಹಾಗಿಲ್ಲ. ಸಡಿಲ ಜಲ್ಲಿಯ ಮೇಲೆ ಅದು ನಿಲ್ಲೋ ದೂರವನ್ನು ಹೆಚ್ಚೇ ಮಾಡಬಹುದು. ಮೂರನೇದನ್ನು ಯಾರೂ ಹೇಳೋದಿಲ್ಲ. ಅಭ್ಯಾಸ ಇಲ್ಲದವರು ಹೆಚ್ಚಾಗಿ ಎಬಿಎಸ್ ಕೆಲಸಕ್ಕೆ ಬರೋಷ್ಟು ಗಟ್ಟಿಯಾಗಿ ಹಿಡಿಯೋದೇ ಇಲ್ಲ. ಹಿಡಿದರೂ ಲಿವರ್ ಬೆರಳಿನ ಕೆಳಗೆ ಟಕಟಕ ಅಂತ ಒದೆಯೋಕೆ ಶುರುವಾದ ಕೂಡಲೇ ಏನೋ ಮುರಿಯಿತು ಅಂದುಕೊಂಡು ಬಿಟ್ಟುಬಿಡ್ತಾರೆ. ಆ ಒದೆತ ಹೇಗಿರುತ್ತೆ ಅಂತ ಖಾಲಿ ಜಾಗದಲ್ಲಿ ಒಮ್ಮೆ ಬೆರಳಿಗೆ ಗೊತ್ತಾಗಿರಬೇಕು.

ಬೆಳಗಿನ ನಡಿಗೆ

ಒಪ್ಪಿದೆ, ಸಾಲು ತೆಗೆದೆ. ಹಾಗಾದರೆ ಏನು ಬರೀಲಿ? ಅವನಿಗೆ ಅರ್ಥ ಆಗೋ ಹಾಗೆ, ನಾನೂ ಪಕ್ಕದಲ್ಲಿ ನಿಂತು ನೋಡಿ ಸರಿ-ತಪ್ಪು ಹೇಳೋ ಹಾಗೆ ಇರಬೇಕು.

ಎರಡು ಬೆರಳು

ನೀವು ಕೇಳಿದ ಕೊನೇ ಮಾತೇ ಮುಖ್ಯ. "ನಿಧಾನವಾಗಿ ಓಡಿಸು", "ಸಾಕಷ್ಟು ಅಂತರ" ಇವು ನಿಯಮ ಅಲ್ಲ ಸಾರ್, ಹಾರೈಕೆ. ಅವನ ನಿಧಾನ ಬೇರೆ, ನಿಮ್ಮ ನಿಧಾನ ಬೇರೆ. ಅಳೆದು ನೋಡಬಹುದಾದ ನಿಯಮ ಬರೀರಿ. ನನ್ನ ಸಲಹೆ ಇಷ್ಟು: 40 ಕಿ.ಮೀ. ವೇಗದಿಂದ 12 ಮೀಟರಿನೊಳಗೆ, ಚಕ್ರ ಜಾರಿಸದೆ, ಸತತ ಮೂರು ಸಲ ನಿಲ್ಲಿಸಿ ತೋರಿಸಿದ ಮೇಲೆಯೇ ಗಾಡಿಗಳು ಓಡಾಡೋ ರಸ್ತೆ. 12 ಮೀಟರ್ ಅನ್ನೋದು ಕಷ್ಟದ ಗುರಿ ಅಲ್ಲ, ಪಳಗಿದವರು 9ರ ಹತ್ತಿರ ನಿಲ್ಲಿಸ್ತಾರೆ. ಆದರೆ ಹಿಂದಿನ ಬ್ರೇಕೊಂದರಲ್ಲೇ ಅದು ಆಗೋದಿಲ್ಲ, 18ಕ್ಕೆ ಹೋಗುತ್ತೆ. ಹಾಗಾಗಿ ಮುಂದಿನದನ್ನು ಕಲೀದೆ ಈ ಪರೀಕ್ಷೆ ದಾಟೋಕೆ ಬರೋದಿಲ್ಲ.

ಜಾಗ ಒಣಗಿದ, ಸಮತಟ್ಟಾದ, ಮರಳಿಲ್ಲದ ಡಾಂಬರು ಅಥವಾ ಕಾಂಕ್ರೀಟು ಆಗಿರಲಿ, ನೂರು ಮೀಟರ್ ಉದ್ದ ಇದ್ದರೆ ಸಾಕು, ಕೊನೆಯಲ್ಲಿ ಗೋಡೆ ಇರಬಾರದು. ನೆಲಕ್ಕೆ ಸೀಮೆಸುಣ್ಣದಲ್ಲಿ ಒಂದು ಗೆರೆ, ಅಲ್ಲಿಂದ 12 ಮೀಟರಿಗೆ ಇನ್ನೊಂದು. ಟೇಪ್ ಇಲ್ಲದಿದ್ದರೆ 16 ಹೆಜ್ಜೆ ಹತ್ತಿರ ಹತ್ತಿರ ಆಗುತ್ತೆ. ಮೊದಲ ದಿನ 40 ಬೇಡ. 20ರಿಂದ ಹತ್ತು ಸಲ, ಆಮೇಲೆ 30ರಿಂದ ಹತ್ತು ಸಲ. ಕೈ ಸೋತರೆ ಅಲ್ಲಿಗೆ ನಿಲ್ಲಿಸಿ, ಸೋತ ಕೈ ಗಬಕ್ಕನೆ ಹಿಡಿಯುತ್ತೆ.

ಹಿಡಿಯೋ ರೀತಿ ಹೀಗೆ. ಥ್ರಾಟಲ್ ಪೂರ್ತಿ ಮುಚ್ಚಬೇಕು. ಎರಡು ಬೆರಳಿಂದ ಲಿವರಿನ ಸಡಿಲ ತೆಗೆದು, ಪ್ಯಾಡು ಡಿಸ್ಕಿಗೆ ಮೆಲ್ಲಗೆ ತಾಗೋವರೆಗೆ ಎಳೀಬೇಕು. ಮೂತಿ ಕೆಳಗೆ ಬಾಗೋದು ಗೊತ್ತಾಗುತ್ತೆ. ಆಗ, ಅದಕ್ಕಿಂತ ಮೊದಲಲ್ಲ, ಒದ್ದೆ ಬಟ್ಟೆ ಹಿಂಡುವ ಹಾಗೆ ಹೆಚ್ಚಿಸ್ತಾ ಹೋಗಬೇಕು. ಹಿಂದಿನ ಪೆಡಲ್ ಜೊತೆಗೆ ಹಗುರಾಗಿ. ಇದೆಲ್ಲ ಓದೋಕೆ ಉದ್ದ, ನಡೆಯೋದು ಅರ್ಧ ಸೆಕೆಂಡಿನಲ್ಲಿ. ನಿಲ್ಲೋ ಮುಂಚೆ ಕ್ಲಚ್ ಹಿಡಿದು ಒಂದನೇ ಗೇರಿಗೆ ಬಂದಿರಬೇಕು, ಹಿಂದಿನಿಂದ ಯಾರಾದರೂ ನುಗ್ಗಿದರೆ ಪಕ್ಕಕ್ಕೆ ಸರಿಯೋಕೆ.

ನೀವು ಬದಿಯಲ್ಲಿ ನಿಂತು ನೋಡಬೇಕಾದ್ದು ಎರಡು. ಮೊಣಕಾಲು ಟ್ಯಾಂಕನ್ನು ಒತ್ತಿ ಹಿಡಿದಿವೆಯಾ? ಇಲ್ಲದಿದ್ದರೆ ಮೈಯ ಭಾರವೆಲ್ಲ ತೋಳಿನ ಮೇಲೆ ಬಂದು ಹ್ಯಾಂಡಲ್ ಅಲುಗುತ್ತೆ. ಕಣ್ಣು ಎಲ್ಲಿದೆ? ಮುಂದಿನ ಚಕ್ರ ನೋಡ್ತಿದ್ದರೆ ನಿಂತ ಕ್ಷಣಕ್ಕೇ ಪಕ್ಕಕ್ಕೆ ವಾಲ್ತಾನೆ. ಹೊಸ ಬೈಕು ಮೊದಲ ಸಲ ಬೀಳೋದು ಬಹುಪಾಲು ಹೀಗೇ: ನಡಿಗೆಯಷ್ಟು ವೇಗ, ಹ್ಯಾಂಡಲ್ ತಿರುಗಿರುತ್ತೆ, ಮುಂದಿನ ಬ್ರೇಕ್ ಕೊಂಚ ಜೋರಾಗಿ ಹಿಡೀತಾರೆ. ಹ್ಯಾಂಡಲ್ ತಿರುಗಿದಾಗ, ಅಷ್ಟು ನಿಧಾನದಲ್ಲಿ, ಹಿಂದಿನ ಬ್ರೇಕೇ ಸರಿ. ಗಟ್ಟಿಗಾಲು ಅವರ ಮಾತಿಗೆ ಜಾಗ ಇರೋದು ಅಲ್ಲಿ.

ಸ್ಪ್ಯಾನರ್ 10-12

ಮೇಡಂ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಫೋರ್ಕಿನ ಹೊಳೆಯೋ ಕೊಳವೆ ಹೊರಗೆ ಕಾಣ್ತಿದ್ದರೆ ಅದಕ್ಕೊಂದು ಪ್ಲಾಸ್ಟಿಕ್ ಕೇಬಲ್ ಟೈ ಸುತ್ತಿ, ತೀರಾ ಬಿಗಿ ಬೇಡ, ಕೆಳಗೆ ರಬ್ಬರ್ ಸೀಲಿಗೆ ತಾಗೋ ಹಾಗೆ ಇಳಿಸಿಡಿ. ಬ್ರೇಕ್ ಹಿಡಿದಾಗ ಫೋರ್ಕ್ ಕುಗ್ಗಿ ಟೈಯನ್ನು ಮೇಲಕ್ಕೆ ತಳ್ಳುತ್ತೆ, ಬೈಕು ನಿಂತ ಮೇಲೆ ಅದು ಅಲ್ಲೇ ಉಳಿದಿರುತ್ತೆ. ಹಿಂದಿನ ಬ್ರೇಕಲ್ಲಿ ಮಾತ್ರ ನಿಲ್ಲಿಸಿದಾಗ ಎಷ್ಟು ಏರಿತು, ಎರಡೂ ಹಿಡಿದಾಗ ಎಷ್ಟು ಏರಿತು ಅಂತ ಕಣ್ಣಾರೆ ಕಾಣುತ್ತೆ. ಹುಡುಗರಿಗೆ ಭಾರ ಮುಂದಕ್ಕೆ ಬರುತ್ತೆ ಅಂತ ನೂರು ಸಲ ಹೇಳೋದಕ್ಕಿಂತ ಇದು ಬೇಗ ತಲೆಗೆ ಹೋಗುತ್ತೆ. ಎಷ್ಟು ಗಟ್ಟಿ ಹಿಡಿದ ಅಂತ ಟೈ ಹೇಳುತ್ತೆ, ಎಷ್ಟು ಗಬಕ್ಕನೆ ಹಿಡಿದ ಅಂತ ಹೇಳೋದಿಲ್ಲ. ಅದಕ್ಕೆ ಟೈರಿನ ಸದ್ದು ಕೇಳಿ. ನಯವಾಗಿ ಹಿಡಿದರೆ ಸಣ್ಣಗೆ ಗುರುಗುಡುತ್ತೆ, ಕಿರ್ರ್ ಅಂತ ತುಂಡು ಸದ್ದು ಬಂದರೆ ಅವಸರ ಆಯ್ತು. ಕೆಲಸ ಮುಗಿದ ಮೇಲೆ ಟೈ ಕತ್ತರಿಸಿ ತೆಗೀರಿ, ಧೂಳು ಹಿಡಿದು ಕೊಳವೆ ಗೀರುತ್ತೆ.

ಇನ್ನೊಂದು ಮುಖ್ಯ. ಹೊಸ ಬೈಕಿನಲ್ಲಿ ಮೊದಲ ದಿನವೇ ಈ ಪರೀಕ್ಷೆ ಇಟ್ಟರೆ ಹುಡುಗನ ತಪ್ಪಲ್ಲದೆಯೂ ಫೇಲ್ ಆಗ್ತಾನೆ. ಹೊಸ ಟೈರಿನ ಮೈ ನುಣುಪಾಗಿರುತ್ತೆ, ನೂರಿನ್ನೂರು ಕಿ.ಮೀ. ಓಡಿದ ಮೇಲೇ ಹಿಡಿತ ಸರಿಯಾಗಿ ಬರೋದು. ಹೊಸ ಪ್ಯಾಡು ಡಿಸ್ಕಿಗೆ ಇನ್ನೂ ಕೂತಿರೋದಿಲ್ಲ, ಲಿವರ್ ಒತ್ತಿದಷ್ಟು ಬ್ರೇಕು ಸಿಗೋದಿಲ್ಲ. ಮೊದಲ ಕೆಲವು ದಿನ ಸಾಧಾರಣ ಒತ್ತಡದಲ್ಲಿ, 40ರಿಂದ 10ಕ್ಕೆ ಇಳಿಸೋದು, ಬಿಡೋದು, ತಣ್ಣಗಾಗೋಕೆ ಬಿಟ್ಟು ಮತ್ತೆ ಇಳಿಸೋದು. ಹಾಗೆ ಕೂರಿಸಿ.

ಬೆಳಗಿನ ನಡಿಗೆ

ಆದರೆ ಪರೀಕ್ಷೆ ದಾಟದೆ ರಸ್ತೆಗೆ ಬಿಡಬಾರದು, ರಸ್ತೆಯಲ್ಲಿ ಓಡದೆ ಟೈರು ಪಳಗೋದಿಲ್ಲ. ಇದು ಹೇಗೆ?

ಸ್ಪ್ಯಾನರ್ 10-12

ಮೊದಲ 200 ಕಿ.ಮೀ. ಬೆಳಗಿನ ಜಾವ, ಗಾಡಿ ಕಡಿಮೆ ಇರೋ ರಸ್ತೆಯಲ್ಲಿ ನೀವು ಜೊತೆಗೆ ಇನ್ನೊಂದು ಗಾಡಿಯಲ್ಲಿ ಹೋಗಿ. 20, 30ರ ಅಭ್ಯಾಸ ಅದರ ನಡುವೆಯೇ ಆಗಲಿ. 40ರ ಪರೀಕ್ಷೆ ಆಮೇಲೆ.

ಗಟ್ಟಿಗಾಲು

ಲೆಕ್ಕ ನೋಡಿದೆ. ಮುಂದಿನ ಬ್ರೇಕ್ ಬೇಕು ಅನ್ನೋದನ್ನು ಒಪ್ಪುತ್ತೀನಿ. ಆದರೆ ಒದ್ದೆ ರಸ್ತೆ? ಅಲ್ಲಂತೂ ಹಿಂದಿನದೇ ಸೇಫು.

ಎರಡು ಬೆರಳು

ಒದ್ದೆಯಲ್ಲಿ ಹಿಡಿತ ಕಮ್ಮಿ, ಹಾಗಾಗಿ ಭಾರ ಮುಂದಕ್ಕೆ ಬರೋದೂ ಕಮ್ಮಿ. ಹಿಂದಿನ ಬ್ರೇಕಿನ ಪಾಲು ಒಣ ರಸ್ತೆಗಿಂತ ಹೆಚ್ಚಾಗುತ್ತೆ ಅನ್ನೋದು ಸರಿ. ಆದರೂ ಮುಂದಿನದು ಬಿಟ್ಟರೆ ಆಗೋದಿಲ್ಲ, ಎರಡೂ ಬೇಕು, ಎರಡೂ ಇನ್ನೂ ನಿಧಾನವಾಗಿ. ನಿಲ್ಲೋ ದೂರ ಒಂದೂವರೆ ಪಟ್ಟು ಆಗುತ್ತೆ ಅಂತ ಇಟ್ಟುಕೊಳ್ಳಿ. ಡಿಸ್ಕಿನ ಮೇಲೆ ನೀರಿದ್ದರೆ ಮೊದಲ ಕ್ಷಣ ಬ್ರೇಕು ಹಿಡಿಯೋದೇ ಇಲ್ಲ. ಹೆದರಿ ಇನ್ನೂ ಒತ್ತುವಾಗ ನೀರು ಒರಸಿಹೋಗಿ ಒಮ್ಮೆಲೇ ಹಿಡಿಯುತ್ತೆ. ಅದಕ್ಕೆ ಮಳೆಯಲ್ಲಿ ಆಗಾಗ ಲಿವರನ್ನು ಸುಮ್ಮನೆ ತಾಗಿಸಿ ಒರೆಸಿಕೊಳ್ತಾ ಇರಬೇಕು. ರಸ್ತೆಗೆ ಬಳಿದ ಬಿಳಿ ಪಟ್ಟೆ, ಕಬ್ಬಿಣದ ಮ್ಯಾನ್‌ಹೋಲ್ ಮುಚ್ಚಳ, ಒದ್ದೆ ಎಲೆ, ಇವುಗಳ ಮೇಲೆ ಯಾವ ಬ್ರೇಕೂ ಬೇಡ.

ಮಧ್ಯಾಹ್ನದ ಬಿಸಿಲು

ಬ್ರೇಕಿನ ವಿಷಯ ನೀವು ನೋಡ್ಕೊಳ್ತಿದ್ದೀರಿ, ಸಂತೋಷ. ತಾಯಿಯ ಕಣ್ಣಲ್ಲಿ ನನಗೆ ಚುಚ್ಚಿದ್ದು ಕೊನೇ ಸಾಲು. "ಬೀಳಿಸಿದರೆ ಒಂದು ತಿಂಗಳು ಕೀ ನನ್ನ ಹತ್ತಿರ." ಮಗ ಬೀಳಿಸೋದು ನಿಲ್ಲಿಸೋದಿಲ್ಲ, ಹೇಳೋದು ನಿಲ್ಲಿಸ್ತಾನೆ. ಗೆಳೆಯರ ಮನೇಲಿ ಗೀರು ಒರೆಸ್ಕೊಂಡು ಬರ್ತಾನೆ.

ಫೋನಿನ ಸಾಲೂ ಅರ್ಧ ಆಯ್ತು. ಹೊರಟವನಿಗೆ ಫೋನ್ ಮಾಡೋರು ಯಾರು? ನಾವೇ ಅಲ್ವಾ? ಜೇಬಲ್ಲಿ ಅಪ್ಪನ ಫೋನು ಹೊಡ್ಕೊಳ್ತಿದ್ದರೆ ಅವನ ಅರ್ಧ ಗಮನ ಅಲ್ಲೇ. ನೀವು ಮಾಡೋದಿಲ್ಲ ಅಂತ ಪತ್ರದಲ್ಲಿ ಮಾತು ಕೊಡಿ. ತಲುಪಿದ ಮೇಲೆ ಅವನು ಒಂದು ಮೆಸೇಜ್ ಹಾಕಲಿ, ಅಲ್ಲೀತನಕ ನಮ್ಮ ಹೊಟ್ಟೆ ಉರಿ ನಾವೇ ತಡ್ಕೋಬೇಕು.

ಸ್ಪ್ಯಾನರ್ 10-12

ಮೇಲಿನ ಅಮ್ಮ ಹೇಳಿದ್ದು ಬೈಕಿನ ಮಟ್ಟಿಗೂ ಸರಿ. ನಿಂತಲ್ಲೇ ಬಿದ್ದ ಬೈಕೂ ಮುಚ್ಚಿಟ್ಟರೆ ಅಪಾಯ. ಬ್ರೇಕ್ ಲಿವರ್ ಸ್ವಲ್ಪ ಬಾಗಿರುತ್ತೆ, ಕೈಯಿಂದ ಬಗ್ಗಿಸಿ ನೇರ ಮಾಡ್ತಾರೆ. ಅದು ಎರಕದ ಅಲ್ಯೂಮಿನಿಯಂ, ಒಳಗೆ ಬಿರುಕು ಬಿಟ್ಟಿರುತ್ತೆ. ಒಂದು ದಿನ ಗಟ್ಟಿಯಾಗಿ ಹಿಡಿದಾಗ ತುಂಡಾಗಿ ಕೈಗೆ ಬರುತ್ತೆ. ಹಿಂದಿನ ಪೆಡಲ್ ಒಳಕ್ಕೆ ಬಾಗಿದ್ದರೆ ಇಂಜಿನ್ ಕವರಿಗೆ ತಾಗಿ ಪೂರ್ತಿ ಇಳಿಯೋದಿಲ್ಲ. ನೇರ ಹೋಗುವಾಗ ಹ್ಯಾಂಡಲ್ ಒಂದು ಕಡೆಗೆ ತಿರುಗಿದ ಹಾಗೆ ಕಂಡರೆ ಫೋರ್ಕ್ ಕ್ಲಾಂಪಿನಲ್ಲಿ ಹೊರಳಿದೆ ಅಂತ, ಅದನ್ನು ಸಡಿಲಿಸಿ ಕೂರಿಸಬೇಕು. ಎಲ್ಲ ಸೇರಿ ಹತ್ತು ನಿಮಿಷ ನೋಡೋ ಕೆಲಸ, ಆದರೆ ಬಿದ್ದಿದೆ ಅಂತ ಯಾರಾದರೂ ಹೇಳಬೇಕಲ್ಲ.

ಹಸಿರು ದೀಪ

ಬ್ರೇಕ್ ಮಾತು ಬಂತಲ್ಲ, ನಂದೊಂದು ಕೇಳ್ತೀನಿ. ಚೈನ್ ಬಿಗಿ ಮಾಡಿಸಿದ ಮೇಲಿಂದ ಬ್ರೇಕ್ ಲೈಟ್ ಆರ್ತಾನೇ ಇಲ್ಲ, ಬೈಕು ತಳ್ಳಿದರೆ ಭಾರ ಅನಿಸುತ್ತೆ. ಸ್ವಿಚ್ ಹೋಗಿದೆಯಾ?

ಸ್ಪ್ಯಾನರ್ 10-12

ಸ್ವಿಚ್ ಅಲ್ಲಣ್ಣ. ನಿಮ್ಮದೂ ಹಿಂದೆ ಡ್ರಮ್ ಇರಬೇಕು. ಚೈನ್ ಬಿಗಿ ಮಾಡೋಕೆ ಚಕ್ರವನ್ನು ಹಿಂದಕ್ಕೆ ಎಳೀತಾರೆ, ಅದರ ಜೊತೆ ಬ್ರೇಕಿನ ಸಲಾಕೆಯೂ ಎಳೆದ ಹಾಗಾಗಿ ಬ್ರೇಕು ತಾನೇ ಬಿಗಿಯಾಗುತ್ತೆ. ಪೆಡಲ್ ಯಾವಾಗಲೂ ಅರೆ ಒತ್ತಿದ ಹಾಗೆ, ಅದಕ್ಕೇ ಲೈಟು. ಹಾಗೇ ಓಡಿಸಿದರೆ ಡ್ರಮ್ ಕಾಯುತ್ತೆ, ಕಾದರೆ ಹಿಡಿತ ಹೋಗುತ್ತೆ. ಸಲಾಕೆಯ ತುದಿಯ ನಟ್ಟನ್ನು ಸಡಿಲಿಸಿ, ಪೆಡಲ್ ತುದಿಯಲ್ಲಿ 20ರಿಂದ 30 ಮಿ.ಮೀ. ಸುಮ್ಮನೆ ಆಡೋ ಹಾಗೆ ಮಾಡಿ. ಸೆಂಟರ್ ಸ್ಟ್ಯಾಂಡ್ ಹಾಕಿ ಚಕ್ರ ಕೈಯಲ್ಲಿ ತಿರುಗಿಸಿ ನೋಡಿ, ತಡೆ ಇಲ್ಲದೆ ತಿರುಗಬೇಕು. ಲೈಟು ಆಮೇಲೂ ಆರದಿದ್ದರೆ ಆಗ ಸ್ವಿಚ್ಚಿನ ನಟ್ಟು ನೋಡಿ.

ಬೆಳಗಿನ ನಡಿಗೆ ಸಾರ್, ಇದು ನಿಮ್ಮ ಪತ್ರಕ್ಕೂ ಬೇಕು. ಚೈನ್ ಮುಟ್ಟಿದ ಪ್ರತಿ ಸಲ ಹಿಂದಿನ ಬ್ರೇಕ್ ನೋಡಬೇಕು. ಚೈನಿಗೆ ಎಣ್ಣೆ ಹಾಕುವಾಗ ಒಳಬದಿಗೆ, ಸ್ವಲ್ಪವೇ, ಹಾಕಿ ಒರೆಸಿ ಬಿಡಬೇಕು. ಜಾಸ್ತಿ ಆದದ್ದು ಓಡುವಾಗ ಹಾರಿ ಹಿಂದಿನ ಟೈರಿನ ಮೇಲೇ ಕೂರುತ್ತೆ.

ಕೊನೇ ಗೇರ್

ಒಂದು ನಿಜವಾದ ಪ್ರಶ್ನೆ. ಅಭ್ಯಾಸದಲ್ಲಿ ಹಿಂದಿನ ಚಕ್ರ ಲಾಕ್ ಆಗಿ ಜಾರಿದರೆ ಬಿಡಬೇಕಾ, ಹಿಡಿದೇ ಇರಬೇಕಾ? ಎರಡೂ ಹೇಳ್ತಾರೆ.

ಎರಡು ಬೆರಳು

ಬೈಕು ನೇರವಾಗಿಯೇ ಇದ್ದರೆ ಪೆಡಲ್ ಸಡಿಲಿಸಿ, ಚಕ್ರ ಮತ್ತೆ ಉರುಳುತ್ತೆ. ಹಿಂಭಾಗ ಪಕ್ಕಕ್ಕೆ ಸರಿದುಬಿಟ್ಟಿದ್ದರೆ ಬಿಡಬಾರದು. ಓರೆ ನಿಂತ ಚಕ್ರಕ್ಕೆ ಒಮ್ಮೆಲೇ ಹಿಡಿತ ಸಿಕ್ಕರೆ ಬೈಕು ಎದ್ದು ಸವಾರನನ್ನು ಆಚೆಗೆ ಎಸೆಯುತ್ತೆ. ಹಾಗಾದಾಗ ನಿಲ್ಲೋತನಕ ಹಿಡಿದೇ ಇದ್ದು, ಹೋಗಬೇಕಾದ ಕಡೆ ನೋಡ್ತಿರಬೇಕು.

ಸ್ಪ್ಯಾನರ್ 10-12

ಪುಸ್ತಕದ ಮಟ್ಟಿಗೆ ಸರಿ ಮೇಡಂ. ಆದರೆ ಹೊಸ ಹುಡುಗನಿಗೆ ಆ ಅರ್ಧ ಸೆಕೆಂಡಿನಲ್ಲಿ ನೇರ ಇದೆಯಾ, ಓರೆ ಆಗಿದೆಯಾ ಅಂತ ಗೊತ್ತಾಗುತ್ತಾ? ಲಾಕ್ ಆದರೆ ಹಿಡಿದೇ ಇರು ಅಂತ ಒಂದೇ ಮಾತು ಹೇಳೋದು ಮೇಲು ಅನಿಸುತ್ತೆ.

ಎರಡು ಬೆರಳು

ಹಿಡಿದೇ ಇದ್ದರೆ ದೂರ ಜಾಸ್ತಿ ಆಗುತ್ತೆ, ರಸ್ತೆ ಮಧ್ಯ ಉಬ್ಬಿದ್ದರೆ ಹಿಂಭಾಗ ಪಕ್ಕದ ಇಳಿಜಾರಿಗೆ ಜಾರಿಯೇ ಜಾರುತ್ತೆ. ನನ್ನ ಅಭಿಪ್ರಾಯ ಬದಲಾಗಿಲ್ಲ, ನಿಮ್ಮ ಮಾತಿನ ಕಾರಣವೂ ಅರ್ಥ ಆಗುತ್ತೆ. 20ರ ವೇಗದಲ್ಲಿ ಬೇಕೆಂದೇ ಹಿಂದಿನದನ್ನು ಲಾಕ್ ಮಾಡಿಸಿ ತೋರಿಸಿದರೆ ಹುಡುಗನಿಗೆ ಅದರ ರುಚಿಯಾದರೂ ಗೊತ್ತಾಗುತ್ತೆ.

ಬೆಳಗಿನ ನಡಿಗೆ

ಪತ್ರ ತಿದ್ದಿದ್ದೀನಿ. ಬದಲಾದ ಭಾಗ ಮಾತ್ರ ಹಾಕ್ತೀನಿ.

"ಮಗಾ, ನಿಧಾನವಾಗಿ ಓಡಿಸು ಅಂತ ಮೊದಲು ಬರೆದಿದ್ದೆ, ಹೊಡೆದು ಹಾಕಿದೆ. ಅದರ ಬದಲು ಒಂದು ಲೆಕ್ಕ. ನೀನು 50ರಲ್ಲಿ ಇದ್ದೀಯ, ನಿನ್ನ ಪಕ್ಕದಲ್ಲಿ ಗೆಳೆಯ 60ರಲ್ಲಿ. 28 ಮೀಟರ್ ಮುಂದೆ ಒಂದು ಮಗು ರಸ್ತೆಗೆ ಬಂತು. ಇಬ್ಬರೂ ಒಂದೇ ಕ್ಷಣ ನೋಡಿದಿರಿ, ಒಂದೇ ಥರ ಬ್ರೇಕ್ ಹಿಡಿದಿರಿ. ನೀನು ಮಗುವಿನ ಮುಂದೆ ನಿಲ್ತೀಯ. ಅವನು ಅದೇ ಜಾಗಕ್ಕೆ ಬಂದಾಗ ಇನ್ನೂ 40ರ ವೇಗದಲ್ಲಿ ಇರ್ತಾನೆ. ಹತ್ತು ಕಿ.ಮೀ. ವೇಗದ ಬೆಲೆ ಅಷ್ಟು. ಕೂತು ನೀನೇ ಲೆಕ್ಕ ಹಾಕು, ನೋಡಿ ಕೈ ಬ್ರೇಕಿಗೆ ಹೋಗೋಕೆ ಒಂದು ಸೆಕೆಂಡ್, ಆಮೇಲೆ ಸೆಕೆಂಡಿಗೆ ಸೆಕೆಂಡಿಗೆ ಸುಮಾರು 7 ಮೀಟರಿನಂತೆ ವೇಗ ತಗ್ಗುತ್ತೆ ಅಂತ ಹಿಡಿ. ತಪ್ಪಿದ್ದರೆ ಬಂದು ಹೇಳು.

40ರಿಂದ 12 ಮೀಟರಿನೊಳಗೆ, ಜಾರಿಸದೆ, ಸತತ ಮೂರು ಸಲ. ಗೆರೆ ಎಳೆಯೋನು ನಾನು, ಬದಿಯಲ್ಲಿ ನಿಲ್ಲೋನೂ ನಾನು. ಇದಾದ ಮೇಲೆ ಹಗಲು ಯಾವ ರಸ್ತೆಯಾದರೂ ನಿನ್ನದು. ಮುಂದಿನ ಗಾಡಿ ಒಂದು ಕಂಬ ದಾಟಿದ ಮೇಲೆ ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು ಅಂತ ಹೇಳಿ ಮುಗಿಸೋತನಕ ನೀನು ಆ ಕಂಬ ಮುಟ್ಟಬಾರದು. ಮಳೆಯಲ್ಲಿ ಐದರವರೆಗೆ.

ನೀನು ಹೊರಟ ಮೇಲೆ ನಾನಾಗಲಿ ಅಮ್ಮನಾಗಲಿ ಫೋನ್ ಮಾಡೋದಿಲ್ಲ. ತಲುಪಿದ ಮೇಲೆ ಎರಡಕ್ಷರ ಕಳಿಸು.

ಬೈಕು ಬಿದ್ದರೆ ಅವತ್ತೇ ಹೇಳು. ಬೈಯೋದಿಲ್ಲ, ಕೀ ಕಿತ್ತುಕೊಳ್ಳೋದಿಲ್ಲ. ಇಬ್ಬರೂ ಕೂತು ಲಿವರ್, ಪೆಡಲ್, ಹ್ಯಾಂಡಲ್ ನೋಡೋಣ. ಮುಚ್ಚಿಟ್ಟದ್ದು ಗೊತ್ತಾದರೆ ಮಾತ್ರ ಕೀ ಒಂದು ತಿಂಗಳು ನನ್ನ ಹತ್ತಿರ."

ಹಿಂದೆ ಕೂರಿಸೋದಕ್ಕೆ 1000 ಕಿ.ಮೀ. ಅಂತಲೇ ಉಳಿಸಿದ್ದೀನಿ. ಸರಿಯಾ?

ಎರಡು ಬೆರಳು

ಕಣ್ಣಿಗೆ ಬಿದ್ದದ್ದು ಎರಡು. 12 ಮೀಟರ್ ಪರೀಕ್ಷೆಯಲ್ಲಿ ಗೆರೆ ಎಲ್ಲಿದೆ ಅಂತ ಅವನಿಗೆ ಮೊದಲೇ ಗೊತ್ತು, ನೋಡಿ ಕೈ ಹೋಗೋ ಆ ಒಂದು ಸೆಕೆಂಡು ಅಲ್ಲಿ ಇಲ್ಲ. ಮೂರು ಸಲ ದಾಟಿದ ಮೇಲೆ, ಗೆರೆ ಬಿಟ್ಟು, ನೀವು ಕೈ ಎತ್ತಿದಾಗ ನಿಲ್ಲಿಸಲಿ. ಕೈ ಎತ್ತಿದ ಜಾಗದಿಂದ ಅಳೆದರೆ ಇನ್ನೂ ಹತ್ತು ಹನ್ನೊಂದು ಮೀಟರ್ ಸೇರಿರುತ್ತೆ. ಬೆರಳು ಲಿವರಿನ ಮೇಲೆ ಮೊದಲೇ ಇಟ್ಟುಕೊಂಡವನಿಗೆ ಅದರಲ್ಲಿ ಕೆಲವು ಮೀಟರ್ ಉಳಿಯುತ್ತೆ, ಜನ ಇರೋ ಜಾಗದಲ್ಲಿ ಬೆರಳು ಅಲ್ಲೇ ಇರಬೇಕು ಅನ್ನೋದು ಅವನಿಗೇ ಗೊತ್ತಾಗುತ್ತೆ. ನೀವು ಅವನ ದಾರಿಯಿಂದ ಐದಾರು ಮೀಟರ್ ಬದಿಗೆ ನಿಲ್ಲಿ, ಎದುರಿಗೆ ಬೇಡ. ಸ್ಪೀಡೋಮೀಟರ್ ಸಾಮಾನ್ಯವಾಗಿ ನಿಜಕ್ಕಿಂತ ಕೊಂಚ ಹೆಚ್ಚೇ ತೋರಿಸುತ್ತೆ, ಹಾಗಾಗಿ 12 ಸುಲಭ ಅನಿಸಿದರೆ 11ಕ್ಕೆ ಗೆರೆ ಎಳೀರಿ.

ಹಿಂದೆ ಕೂರಿಸೋದಕ್ಕೆ ಕಿಲೋಮೀಟರ್ ಅಳತೆ ನನಗೆ ಸಮಾಧಾನ ಇಲ್ಲ. ಸಾವಿರ ಕಿ.ಮೀ. ನೇರ ರಸ್ತೆಯಲ್ಲೂ ಆಗುತ್ತೆ. ಮೊದಲ ಸಲ ಹಿಂದೆ ನೀವೇ ಕೂತು ಅದೇ ಜಾಗದಲ್ಲಿ 30ರಿಂದ ನಿಲ್ಲಿಸಿ ನೋಡಿ.

ಮಧ್ಯಾಹ್ನದ ಬಿಸಿಲು

ಸಾವಿರ ಇರಲಿ ಬಿಡಿ. ಗೆಳೆಯರು "ಹತ್ತಿಸ್ಕೊಳ್ಳೋ" ಅಂತ ನಿಂತಾಗ ಹುಡುಗನಿಗೆ ತೋರಿಸೋಕೆ ಮೀಟರಿನಲ್ಲಿ ಒಂದು ಅಂಕಿ ಬೇಕು. "ಅಪ್ಪ ಇನ್ನೂ ಪಾಸ್ ಮಾಡಿಲ್ಲ" ಅಂತ ಆ ವಯಸ್ಸಲ್ಲಿ ಯಾರೂ ಹೇಳೋದಿಲ್ಲ.

ಬೆಳಗಿನ ನಡಿಗೆ

ಎರಡೂ ಇಡ್ತೀನಿ. ಸಾವಿರ ದಾಟಿದ ಮೇಲೆ ಮೊದಲು ಹಿಂದೆ ಕೂರೋನು ನಾನು. ಸ್ಪ್ಯಾನರ್ ಅವರೇ, ನನ್ನ ತೂಕ 78 ಕೆ.ಜಿ. ಹಿಂದಿನ ಟೈರಿಗೆ ಗಾಳಿ ಬೇರೆ ಹಾಕಬೇಕಾ?

ಸ್ಪ್ಯಾನರ್ 10-12

ಬೇಕು. ಚೈನ್ ಕವರ್ ಮೇಲೋ ಸ್ವಿಂಗ್ ಆರ್ಮ್ ಮೇಲೋ ಸ್ಟಿಕ್ಕರ್ ಇರುತ್ತೆ, ಅದರಲ್ಲಿ ಒಬ್ಬರಿಗೆ ಒಂದು, ಇಬ್ಬರಿಗೆ ಒಂದು ಅಂಕಿ ಬರೆದಿರ್ತಾರೆ. ಇಬ್ಬರದ್ದು ನೋಡಿ ಹಾಕಿ, ಟೈರು ತಣ್ಣಗಿರುವಾಗ. ಹಿಂದಿನ ಶಾಕ್ ಅಬ್ಸಾರ್ಬರಿನ ಕೆಳಗಿನ ಉಂಗುರವನ್ನು ಒಂದೆರಡು ಮೆಟ್ಟಿಲು ಗಟ್ಟಿ ಕಡೆಗೆ ತಿರುಗಿಸಿ, ಇಲ್ಲದಿದ್ದರೆ ಹಿಂಭಾಗ ಕುಸಿದು ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತೆ. ಇಳಿದ ಮೇಲೆ ಎರಡನ್ನೂ ಮೊದಲಿನ ಹಾಗೆ ಮಾಡೋಕೆ ಹುಡುಗನಿಗೇ ಹೇಳಿ.